ಕಡುಗೆಂಪು ಮನೆ ಹೇಳುವುದೆಷ್ಟು? ಸಹಸಂಬಂಧದ ಹೀಟ್ ಮ್ಯಾಪ್ ಓದುವ ಬಗೆ

ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ, ತರಬೇತಿಯ ಸ್ಲೈಡುಗಳಲ್ಲಿ ಈಗ ಹೀಟ್ ಮ್ಯಾಪ್‌ಗಳ ಸ್ಕ್ರೀನ್‌ಶಾಟ್ ಆಗಾಗ ಕಾಣಸಿಗುತ್ತವೆ. ಚದುರಂಗದ ಮಣೆಯಂತೆ ಮನೆಗಳು, ಕೆಂಪು-ನೀಲಿ ಬಣ್ಣ, ಒಳಗೊಂದು ದಶಮಾಂಶ ಸಂಖ್ಯೆ. "ಕೆಂಪಾಗಿರುವುದಕ್ಕೆ ಗಟ್ಟಿ ಸಂಬಂಧ" ಅಂತ ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಅಷ್ಟು ಸಾಕೇ? ಒಂದು ಹೆಸರಾಂತ ದತ್ತಾಂಶವನ್ನೇ ಇಟ್ಟುಕೊಂಡು ನೋಡೋಣ.

ಐರಿಸ್ ಹೂವಿನ ಅಳತೆಗಳು ಅವು. ಎಡ್ಗರ್ ಆಂಡರ್ಸನ್ ಕಲೆಹಾಕಿದ ಈ ಅಳತೆಗಳನ್ನು ಆರ್. ಎ. ಫಿಷರ್ 1936ರಲ್ಲಿ ತಮ್ಮ ಲೇಖನದಲ್ಲಿ ಬಳಸಿದರು. ಸೆಟೋಸಾ, ವರ್ಸಿಕಲರ್, ವರ್ಜಿನಿಕಾ ಎಂಬ 3 ಪ್ರಭೇದ. ಒಂದೊಂದರಲ್ಲಿ 50, ಒಟ್ಟು 150 ಹೂವು. ಪ್ರತಿ ಹೂವಿಗೂ ಪುಷ್ಪಪತ್ರದ ಉದ್ದ-ಅಗಲ, ದಳದ ಉದ್ದ-ಅಗಲ ಎಂದು 4 ಅಳತೆ.

ಹಾಗಾಗಿ ಪಟದಲ್ಲಿ 4 ಸಾಲು, 4 ಕಂಬ, 16 ಮನೆ. ಮೂಲೆಯಿಂದ ಮೂಲೆಗೆ ಹೋಗುವ ಕರ್ಣದಲ್ಲೆಲ್ಲ 1 ಇರುತ್ತದೆ. ಅದು ಒಂದು ಅಳತೆಯನ್ನು ಅದರೊಂದಿಗೇ ಹೋಲಿಸಿದ್ದು, ಬಿಟ್ಟುಬಿಡಿ. ಕರ್ಣದ ಮೇಲಿರುವುದೇ ಕೆಳಗೂ ಕನ್ನಡಿಯಂತೆ ಮರುಕಳಿಸುತ್ತದೆ. ಓದಬೇಕಾದ್ದು 6 ಮನೆ ಮಾತ್ರ.

ಆ ಆರರಲ್ಲಿ ದಳದ ಉದ್ದ ಮತ್ತು ಅಗಲದ ನಡುವೆ 0.96. ಪುಷ್ಪಪತ್ರದ ಉದ್ದಕ್ಕೆ ದಳದ ಉದ್ದದೊಡನೆ 0.87, ದಳದ ಅಗಲದೊಡನೆ 0.82. ಈ ಮೂರೂ ಗಟ್ಟಿ ಜೋಡಿಗಳೇ. ಪುಷ್ಪಪತ್ರದ ಅಗಲಕ್ಕೆ ದಳದ ಉದ್ದದೊಡನೆ −0.43, ದಳದ ಅಗಲದೊಡನೆ −0.37. ಕೊನೆಯದಾಗಿ, ಪುಷ್ಪಪತ್ರದ ಉದ್ದ ಮತ್ತು ಅಗಲದ ನಡುವೆ −0.12, ಹೆಚ್ಚುಕಡಿಮೆ ಸೊನ್ನೆ. ಇಲ್ಲಿ ಚಿಹ್ನೆ ದಿಕ್ಕನ್ನು ಹೇಳುತ್ತದೆ, ಗಟ್ಟಿತನವನ್ನಲ್ಲ. −0.9 ಎಂಬುದು 0.5ಕ್ಕಿಂತ ಗಟ್ಟಿ ಸಂಬಂಧ.

ಮೊದಲ ಎಚ್ಚರಿಕೆ ಬಣ್ಣದ್ದು. ಬಣ್ಣದ ಮಿತಿ ಇಷ್ಟು ಅಂತ ನಾವು ಹೇಳದಿದ್ದರೆ, ಪೈಥಾನ್‌ನ ಸೀಬಾರ್ನ್ ಆ ಪಟದಲ್ಲಿರುವ ಅತಿ ಚಿಕ್ಕ ಸಂಖ್ಯೆಗೇ ಕಡುನೀಲಿ ಬಳಿಯುತ್ತದೆ. ಇಲ್ಲಿ ಅದು −0.43. ಸಾಧಾರಣ ಸಂಬಂಧವೊಂದು ಕಣ್ಣಿಗೆ ಭಾರಿ ಗಟ್ಟಿಯಾಗಿ ಕಂಡುಬಿಡುತ್ತದೆ. ಮಿತಿಯನ್ನು ಹೀಗೆ ಕೊಟ್ಟರೆ ಸರಿಹೋಗುತ್ತದೆ:

```
c = df.drop(columns="species").corr()
sns.heatmap(c, annot=True, cmap="coolwarm",
            vmin=-1, vmax=1)
```

ಸ್ಕ್ರೀನ್‌ಶಾಟ್ ಬಂದಾಗ ಪಕ್ಕದ ಬಣ್ಣಪಟ್ಟಿ −1ರಿಂದ 1ರವರೆಗೆ ಇದೆಯೇ ಎಂದು ನೋಡಿ. ಪಟ್ಟಿ ಕತ್ತರಿಸಿ ಹೋಗಿದ್ದರೆ ಬಣ್ಣವನ್ನು ನಂಬಬೇಡಿ, ಸಂಖ್ಯೆಯನ್ನೇ ಓದಿ.

ಎರಡನೆಯದು ಇನ್ನೂ ದೊಡ್ಡ ಎಚ್ಚರಿಕೆ, ಅದು ಸ್ಕ್ರೀನ್‌ಶಾಟಿನಲ್ಲಿ ಕಾಣುವುದೇ ಇಲ್ಲ. ಮೂರು ಪ್ರಭೇದಗಳನ್ನು ಬೇರೆ ಮಾಡಿ ಲೆಕ್ಕ ಹಾಕಿದರೆ, ಪುಷ್ಪಪತ್ರದ ಉದ್ದ-ಅಗಲದ ಸಂಬಂಧ ಸೆಟೋಸಾದಲ್ಲಿ 0.74, ವರ್ಸಿಕಲರ್‌ನಲ್ಲಿ 0.53, ವರ್ಜಿನಿಕಾದಲ್ಲಿ 0.46. ಮೂರೂ ಧನಾತ್ಮಕ! ಒಟ್ಟಿಗೆ ಸೇರಿಸಿದಾಗ ಮಾತ್ರ −0.12 ಆಯಿತು. ಕಾರಣ ಸರಳ. ಸೆಟೋಸಾದ ಪುಷ್ಪಪತ್ರ ಗಿಡ್ಡ ಆದರೆ ಅಗಲ: ಸರಾಸರಿ 5.0 ಸೆಂ.ಮೀ. ಉದ್ದ, 3.4 ಸೆಂ.ಮೀ. ಅಗಲ. ವರ್ಜಿನಿಕಾದ್ದು 6.6 ಸೆಂ.ಮೀ. ಉದ್ದ, 3.0 ಸೆಂ.ಮೀ. ಅಗಲ. ಗುಂಪುಗಳ ನಡುವಿನ ಈ ವ್ಯತ್ಯಾಸ ಗುಂಪಿನೊಳಗಿನ ಸಂಬಂಧವನ್ನು ಮುಚ್ಚಿಹಾಕಿತು. ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ.

ಹಾಗಾದರೆ 0.96ರ ಕಡುಗೆಂಪು ಮನೆಯ ಗತಿ? ಸೆಟೋಸಾದೊಳಗೆ ಅದು 0.33, ವರ್ಜಿನಿಕಾದೊಳಗೆ 0.32. ವರ್ಸಿಕಲರ್‌ನಲ್ಲಿ ಮಾತ್ರ 0.79. ಸೆಟೋಸಾದ ದಳ ಚಿಕ್ಕದು, ವರ್ಜಿನಿಕಾದ್ದು ದೊಡ್ಡದು ಎಂಬ ಪ್ರಭೇದದ ಅಂತರವೇ ಆ 0.96ರ ಬಹುಪಾಲು. ಸಂಖ್ಯೆ ಸುಳ್ಳಲ್ಲ, ಆದರೆ "ಒಂದೇ ಪ್ರಭೇದದಲ್ಲಿ ದಳ ಉದ್ದವಾದಷ್ಟೂ ಅಗಲವಾಗುತ್ತದೆ" ಎಂಬುದಕ್ಕೆ ಅದು ಸಾಕ್ಷಿಯಲ್ಲ. ಉದ್ದವೇ ಅಗಲಕ್ಕೆ ಕಾರಣ ಎನ್ನುವುದಂತೂ ದೂರದ ಮಾತು.

ಆದ್ದರಿಂದ ಹೀಟ್ ಮ್ಯಾಪ್‌ನಿಂದ ಜೋಡಿಯನ್ನು ಆರಿಸಿ, ಆದರೆ ತೀರ್ಮಾನಕ್ಕೆ ಮುನ್ನ ಆ ಜೋಡಿಯ ಚುಕ್ಕೆಚಿತ್ರ ಬಿಡಿಸಿ, ಗುಂಪಿಗೊಂದು ಬಣ್ಣ ಕೊಡಿ. ಚುಕ್ಕೆಗಳು ಒಂದೇ ಮೋಡವಾಗಿವೆಯೋ, ಬೇರೆ ಬೇರೆ ಗುಂಪಾಗಿವೆಯೋ ಅಲ್ಲಿ ಗೊತ್ತಾಗುತ್ತದೆ. ಸೊನ್ನೆಯ ಹತ್ತಿರದ ಮನೆಗೂ ಇದನ್ನು ಮಾಡಿ, −0.12ರೊಳಗೆ 0.74 ಅಡಗಿತ್ತಲ್ಲ!

ತರಗತಿಯಲ್ಲಿ ಇದನ್ನು ಕಂಪ್ಯೂಟರಿಲ್ಲದೆಯೂ ತೋರಿಸಬಹುದು. ದಾಸವಾಳದ 15, ಕಂಬದಂತೆ ಬೆಳೆಯುವ ಅಶೋಕದ 15 ಎಲೆಗಳನ್ನು ಸಣ್ಣದು-ದೊಡ್ಡದು ಸೇರಿಸಿ ತರಿಸಿ. ಮಕ್ಕಳು ಉದ್ದ-ಅಗಲ ಅಳೆದು ಗ್ರಾಫ್ ಹಾಳೆಯಲ್ಲಿ ಎಲ್ಲ ಚುಕ್ಕೆಗಳನ್ನೂ ಮೊದಲು ಪೆನ್ಸಿಲಿನಲ್ಲಿ ಇಡಲಿ. "ಎಲೆ ಉದ್ದವಾದರೆ ಅಗಲ ಏನಾಗುತ್ತೆ?" ಅಂತ ಕೇಳಿ, ಉತ್ತರ ಬರೆಸಿಕೊಳ್ಳಿ. ಆಮೇಲೆ ದಾಸವಾಳದ ಚುಕ್ಕೆಗಳಿಗೆ ಕೆಂಪು, ಅಶೋಕದವಕ್ಕೆ ಹಸಿರು ಬಳಿಸಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.