ಇನ್ನೂ ಮಾರದ ಸರಕಿಗೆ ಬೇಡಿಕೆ ಎಷ್ಟು?

ಹತ್ತು ವರ್ಷದಿಂದ ಬ್ರೆಡ್ ಮಾರುವ ಬೇಕರಿಗೆ ಮುಂದಿನ ವಾರ ಎಷ್ಟು ಬ್ರೆಡ್ ಬೇಕೆಂದು ಹೇಳುವುದು ಕಷ್ಟವಲ್ಲ, ಹಳೆಯ ಲೆಕ್ಕದ ಪುಸ್ತಕ ನೋಡಿದರೆ ಸಾಕು. ಆದರೆ ಅದೇ ಬೇಕರಿ ಮೊದಲ ಬಾರಿಗೆ ಖರ್ಜೂರದ ಬಿಸ್ಕತ್ತು ಮಾಡುತ್ತದೆ ಎಂದಿಟ್ಟುಕೊಳ್ಳಿ. ಆ ಬಿಸ್ಕತ್ತಿನ ಮಾರಾಟದ ದಾಖಲೆ ಒಂದು ಸಾಲೂ ಇಲ್ಲ. ಹೆಚ್ಚು ಮಾಡಿದರೆ ಉಳಿದು ಹಾಳಾಗುತ್ತದೆ. ಕಡಿಮೆ ಮಾಡಿದರೆ ಗಿರಾಕಿ ಬರಿಗೈಲಿ ಹೋಗುತ್ತಾನೆ. ಇಂಥ ಸಮಯದಲ್ಲಿ ವ್ಯಾಪಾರಿಗಳು ಬಳಸುವ ಒಂದು ದಾರಿಯೆಂದರೆ, ಹಿಂದೆ ಹೊಸದಾಗಿ ಬಂದ ಇಂಥದೇ ಸರಕುಗಳು ಮೊದಲ ವಾರಗಳಲ್ಲಿ ಹೇಗೆ ಮಾರಿದವು ಎಂದು ನೋಡುವುದು.

ಈ ದಾರಿಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಒಟ್ಟು ಎಷ್ಟು ಮಾರಬಹುದು ಎಂಬುದು ಒಂದು. ಆ ಒಟ್ಟು ಯಾವ ವೇಗದಲ್ಲಿ, ಯಾವ ವಾರ ಎಷ್ಟೆಷ್ಟು ಮಾರುತ್ತದೆ ಎಂಬುದು ಇನ್ನೊಂದು. ಹಳೆಯ ಸರಕುಗಳು ಎರಡನೆಯ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತವೆ, ಮೊದಲನೆಯದಕ್ಕೆ ಅಷ್ಟು ಚೆನ್ನಾಗಿ ಕೊಡುವುದಿಲ್ಲ.

ಇದಕ್ಕೆ ಹೆಸರಾದ ಉದಾಹರಣೆ ಅಮೆರಿಕದ ಡೈರೆಕ್‌ಟಿವಿ. ಮನೆಯ ಮೇಲೆ ಚಿಕ್ಕ ಡಿಶ್ ಇಟ್ಟು ಉಪಗ್ರಹದಿಂದ ಟಿವಿ ನೋಡುವ ಈ ಸೇವೆ 1994ರಲ್ಲಿ ಶುರುವಾಯಿತು. ಅದಕ್ಕೂ ಎರಡು ವರ್ಷ ಮೊದಲೇ, 1992ರಲ್ಲಿ, ಫ್ರಾಂಕ್ ಬಾಸ್ ಎಂಬ ಪ್ರಾಧ್ಯಾಪಕರು ತಮ್ಮ ಜೊತೆಗಾರರೊಂದಿಗೆ ಇದರ ಐದು ವರ್ಷದ ಬೇಡಿಕೆಯನ್ನು ಅಂದಾಜು ಮಾಡಿದರು. ಒಟ್ಟು ಎಷ್ಟು ಎಂಬುದಕ್ಕೆ ಅವರು ಜನರನ್ನೇ ಸಮೀಕ್ಷೆಯಲ್ಲಿ ಕೇಳಿದರು. ಆದರೆ ‘ಕೊಳ್ಳುತ್ತೇನೆ’ ಎಂದವರೆಲ್ಲ ಕೊಳ್ಳುವುದಿಲ್ಲವಾದ್ದರಿಂದ ಆ ಸಂಖ್ಯೆಯನ್ನು ಇಳಿಸಿಕೊಂಡರು. ವೇಗ ಎಷ್ಟು ಎಂಬುದಕ್ಕೆ ಹಳೆಯ ಸರಕುಗಳ ಕಡೆ ನೋಡಿದರು: 1960ರ ದಶಕದ ಕಲರ್ ಟಿವಿ ಮತ್ತು 1980ರ ದಶಕದ ಕೇಬಲ್ ಟಿವಿ. ಮುಂದೆ ನಿಜವಾದ ಚಂದಾದಾರರ ಸಂಖ್ಯೆ ಬಂದಾಗ ಅದು ಅಂದಾಜಿಗೆ ಹತ್ತಿರವೇ ಇತ್ತು.

ಈಗ ನಮ್ಮ ಬೇಕರಿಗೆ ಬರೋಣ. ಇದು ಲೆಕ್ಕಕ್ಕಾಗಿ ಮಾಡಿಕೊಂಡ ಬೇಕರಿ. ಆದ್ದರಿಂದ ಅಂಕಿಗಳನ್ನು ಸುಲಭವಾಗಿ ಇಟ್ಟಿದ್ದೇನೆ.

ಮೊದಲ ಕೆಲಸ ಹೋಲುವ ಸರಕುಗಳನ್ನು ಆರಿಸುವುದು. ಖರ್ಜೂರದ ಬಿಸ್ಕತ್ತು ನೋಡಲು ಕೇಕಿನಂತಿದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಅದನ್ನು ಕೊಳ್ಳುವವರು ಯಾರು, ಯಾವ ಹೊತ್ತಿಗೆ ತಿನ್ನುತ್ತಾರೆ, ಬೆಲೆ ಎಷ್ಟು, ಎಷ್ಟು ದಿನಕ್ಕೊಮ್ಮೆ ಮತ್ತೆ ಕೊಳ್ಳುತ್ತಾರೆ ಎಂಬುದು ಮುಖ್ಯ. ಸಂಜೆಯ ಚಹಾದ ಜೊತೆಗೆ ಪ್ಯಾಕೆಟ್‌ನಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ಮಾರಿದ ಮೂರು ಸರಕುಗಳನ್ನು ಬೇಕರಿಯವರು ಆರಿಸಿದರು: ರಾಗಿ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತು ಮತ್ತು ಓಮದ ರಸ್ಕ್. ರಸ್ಕ್ ಸೋತು ನಿಂತುಹೋದ ಸರಕು. ಅದನ್ನು ಬೇಕೆಂದೇ ಸೇರಿಸಬೇಕು. ಈಗಲೂ ಕಪಾಟಿನಲ್ಲಿರುವ ಸರಕುಗಳನ್ನಷ್ಟೇ ತೆಗೆದುಕೊಂಡರೆ, ಗೆದ್ದವುಗಳನ್ನು ಮಾತ್ರ ಎಣಿಸಿದಂತಾಗಿ ಅಂದಾಜು ಯಾವಾಗಲೂ ಹೆಚ್ಚಾಗುತ್ತದೆ. ಆಯ್ಕೆಯನ್ನು ಮಾರಾಟದ ಅಂಕಿ ನೋಡುವ ಮೊದಲೇ ಬರೆದಿಡುವುದು ಒಳ್ಳೆಯದು, ಇಲ್ಲವಾದರೆ ಮನಸ್ಸಿಗೆ ಬೇಕಾದ ಉತ್ತರ ಕೊಡುವ ಸರಕುಗಳೇ ‘ಹೋಲುವ’ ಸರಕುಗಳಾಗಿಬಿಡುತ್ತವೆ.

ಎರಡನೆಯ ಕೆಲಸ ವಾರಗಳನ್ನು ಜೋಡಿಸುವುದು. ತಿಂಗಳ ಹೆಸರಿನಿಂದ ಜೋಡಿಸಬಾರದು, ಸರಕು ಬಂದ ದಿನದಿಂದ ಒಂದನೆಯ ವಾರ, ಎರಡನೆಯ ವಾರ ಎಂದು ಎಣಿಸಬೇಕು. ಮೂರರ ಮೊದಲ ನಾಲ್ಕು ವಾರಗಳು ಹೀಗಿವೆ. ರಾಗಿ ಬಿಸ್ಕತ್ತು 60, 60, 40, 40 ಪ್ಯಾಕೆಟ್, ಒಟ್ಟು 200. ಕೊಬ್ಬರಿ ಬಿಸ್ಕತ್ತು 60, 90, 90, 60, ಒಟ್ಟು 300. ಓಮದ ರಸ್ಕ್ 55, 30, 10, 5, ಒಟ್ಟು 100.

ಮೂರನೆಯ ಕೆಲಸ ಪ್ರತಿ ವಾರದ ಮಾರಾಟವನ್ನು ಆ ಸರಕಿನ ಒಟ್ಟಿನ ಶೇಕಡಾ ಮಾಡುವುದು. ರಾಗಿಯದು 30, 30, 20, 20. ಕೊಬ್ಬರಿಯದು 20, 30, 30, 20. ರಸ್ಕಿನದು 55, 30, 10, 5. ಹೀಗೆ ಮಾಡಿದಾಗ ಹೆಚ್ಚು ಮಾರಿದ ಕೊಬ್ಬರಿ ಬಿಸ್ಕತ್ತು ಉಳಿದ ಎರಡನ್ನು ಮುಚ್ಚಿಹಾಕುವುದಿಲ್ಲ. ಮೂರರ ಸರಾಸರಿ ತೆಗೆದರೆ 35, 30, 20, 15 ಬರುತ್ತದೆ. ಇದು ವೇಗದ ಅಂದಾಜು.

ಒಟ್ಟಿನ ಸರಾಸರಿ 200. ಅದನ್ನು ಈ ಶೇಕಡಾಗಳಿಗೆ ಹಂಚಿದರೆ ನಾಲ್ಕು ವಾರಕ್ಕೆ 70, 60, 40, 30 ಪ್ಯಾಕೆಟ್. ಆದರೆ ಮಾಲೀಕರಿಗೆ ‘200’ ಎಂದಷ್ಟೇ ಹೇಳಿದರೆ ಅರ್ಧ ಸತ್ಯ ಹೇಳಿದಂತೆ. ಹಳೆಯ ಒಟ್ಟುಗಳು 100ರಿಂದ 300ರವರೆಗೆ ಹರಡಿವೆ. ಹಾಗಾಗಿ ‘200ರ ಸುತ್ತ, ಆದರೆ 100ಕ್ಕೂ ಇಳಿಯಬಹುದು, 300ಕ್ಕೂ ಏರಬಹುದು’ ಎಂದು ಹೇಳಬೇಕು. ಹಾಗೆ ಹೇಳಿದರೆ ಅವರು ನಾಲ್ಕು ವಾರದ ಖರ್ಜೂರವನ್ನು ಒಟ್ಟಿಗೆ ತರಿಸುವುದಿಲ್ಲ. ಎರಡು ವಾರದ್ದು ತರಿಸಿ ಕಾದು ನೋಡುತ್ತಾರೆ.

ಕಾದು ನೋಡುವುದು ಏನನ್ನು? ಮೊದಲ ವಾರ 49 ಪ್ಯಾಕೆಟ್ ಮಾರಿತು ಎನ್ನಿ. ಸರಾಸರಿಯಂತೆ 49 ಎಂದರೆ ಒಟ್ಟಿನ ಶೇ. 35. ಆಗ ಒಟ್ಟು 140 ಆಗುತ್ತದೆ. ಆದರೆ ಹೊಸ ಬಿಸ್ಕತ್ತು ರಸ್ಕಿನ ದಾರಿ ಹಿಡಿದರೆ 49 ಶೇ. 55 ಆಗಿ, ಒಟ್ಟು 89ಕ್ಕೇ ನಿಲ್ಲುತ್ತದೆ. ಕೊಬ್ಬರಿಯ ದಾರಿ ಹಿಡಿದರೆ ಅದು ಬರೀ ಶೇ. 20, ಒಟ್ಟು 245. ಅಂದರೆ ಮೊದಲ ವಾರದ ಮಾರಾಟ ಒಂದೇ ನಮಗೆ ಹೆಚ್ಚು ಹೇಳುವುದಿಲ್ಲ. ಹೊಸದು ಎಂಬ ಕುತೂಹಲಕ್ಕೆ ಒಮ್ಮೆ ಯಾರಾದರೂ ಕೊಳ್ಳುತ್ತಾರೆ. ಅಂಕಿಗಳನ್ನು ಮತ್ತೆ ನೋಡಿ: ಮೊದಲ ವಾರ ಮೂರೂ ಸರಕುಗಳು ಹೆಚ್ಚುಕಡಿಮೆ ಒಂದೇ ಸಮ ಮಾರಿವೆ. ಅವು ಬೇರೆಯಾದದ್ದು ಎರಡನೆಯ ವಾರದಲ್ಲಿ. ಕೊಬ್ಬರಿ ಒಂದೂವರೆ ಪಟ್ಟಾಯಿತು, ರಾಗಿ ಅಷ್ಟೇ ಉಳಿಯಿತು, ರಸ್ಕ್ ಅರ್ಧದ ಹತ್ತಿರಕ್ಕೆ ಇಳಿಯಿತು. ತಿಂದವರು ಮತ್ತೆ ಬಂದರೇ, ಬೇರೆಯವರಿಗೆ ಹೇಳಿದರೇ ಎಂಬುದು ಎರಡನೆಯ ವಾರದಲ್ಲಿ ಕಾಣುತ್ತದೆ. ಮುಂದಿನ ಖರ್ಜೂರಕ್ಕೆ ಆರ್ಡರ್ ಕೊಡುವುದು ಅದನ್ನು ನೋಡಿದ ಮೇಲೆ.

ಈ ಲೆಕ್ಕ ಎಲ್ಲಿ ತಪ್ಪಬಹುದು? ಕೊಬ್ಬರಿ ಬಿಸ್ಕತ್ತಿನ ಎರಡನೆಯ ಮತ್ತು ಮೂರನೆಯ ವಾರಗಳನ್ನು ನೋಡಿ: 90, ಮತ್ತೆ 90. ಗಿರಾಕಿಗಳ ಬೇಡಿಕೆ ಹೀಗೆ ಸರಿಯಾಗಿ ಒಂದೇ ಅಂಕಿಗೆ ಬರುವುದು ಅಪರೂಪ. ಬೇಕರಿಯವರು ವಾರಕ್ಕೆ 90 ಪ್ಯಾಕೆಟ್ ಮಾತ್ರ ಮಾಡಿ, ಎಲ್ಲವೂ ಮುಗಿದುಹೋಗಿರಬಹುದು. ಹಾಗಿದ್ದರೆ 90 ಎಂಬುದು ಮಾರಾಟ, ಬೇಡಿಕೆಯಲ್ಲ. ಬೇಡಿಕೆ ಅದಕ್ಕಿಂತ ಹೆಚ್ಚಿತ್ತು. ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ, ಅಥವಾ ಶನಿವಾರ ಸಂಜೆಗೇ ಕಪಾಟು ಖಾಲಿ ಎಂದು ಕೆಲಸದವರು ಹೇಳಿದರೆ, ಆ ವಾರವನ್ನು ಹಾಗೆಯೇ ಲೆಕ್ಕಕ್ಕೆ ಹಿಡಿಯಬಾರದು.

ಇನ್ನೊಂದು ತಪ್ಪು ಹಬ್ಬದ ಕಾಲದ್ದು. ಹೋಲಿಸುವ ಸರಕು ರಂಜಾನ್ ತಿಂಗಳಲ್ಲಿ ಬಂದಿದ್ದರೆ ಅದರ ಮಾರಾಟದಲ್ಲಿ ಆ ತಿಂಗಳ ಸಂಜೆಗಳ ಪಾಲೂ ಇರುತ್ತದೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುವುದರಿಂದ ‘ಕಳೆದ ವರ್ಷ ಇದೇ ಏಪ್ರಿಲ್’ ಎಂದು ಹೋಲಿಸಿದರೂ ಸರಿಹೋಗುವುದಿಲ್ಲ. ಅದೇ ವಾರಗಳಲ್ಲಿ ಬೇಕರಿಯ ಉಳಿದ ಬಿಸ್ಕತ್ತುಗಳು ಎಷ್ಟು ಏರಿದ್ದವೋ ಅಷ್ಟನ್ನು ಇಳಿಸಿಕೊಂಡು ನೋಡಬೇಕು. ಉಳಿದವು ಮಾಮೂಲಿಗಿಂತ ಒಂದೂವರೆ ಪಟ್ಟು ಮಾರಿದ್ದರೆ, ಹೊಸ ಸರಕಿನ 90 ಪ್ಯಾಕೆಟ್ ಮಾಮೂಲಿ ವಾರದ 60ಕ್ಕೆ ಸಮ.

ಮೂರೇ ಸರಕುಗಳಿಂದ ಮಾಡಿದ ಲೆಕ್ಕ ಇದು. ಇದರಲ್ಲಿ ಒಂದನ್ನು ಬದಲಿಸಿದರೂ ಉತ್ತರ ಬದಲಾಗುತ್ತದೆ. ಅದನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ: ರಸ್ಕನ್ನು ಬಿಟ್ಟು ಮತ್ತೊಮ್ಮೆ ಮಾಡಿ. ಒಟ್ಟು 200ರಿಂದ 250ಕ್ಕೆ ಏರುತ್ತದೆ, ಮೊದಲ ವಾರದ ಪಾಲು ಶೇ. 35ರಿಂದ 25ಕ್ಕೆ ಇಳಿಯುತ್ತದೆ. ಸೋತ ಸರಕೊಂದನ್ನು ಪುಸ್ತಕದಿಂದ ಕೈಬಿಟ್ಟರೆ ಆಗುವ ವ್ಯತ್ಯಾಸ 50 ಪ್ಯಾಕೆಟ್.