ದಾಖಲೆಯ ಚಿತ್ರ ಎಲ್ಲಿರಬೇಕು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಜನ ‘ಉತಾರ’ ಎಂದು ಕರೆಯುವ ಪಹಣಿ, ರಾಜ್ಯದ ಉಳಿದೆಡೆಗಳಂತೆ, 2000ರ ದಶಕದ ಆರಂಭದಲ್ಲೇ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿತು. ಆದರೆ ಆ ಉತಾರಕ್ಕೆ ಆಧಾರವಾದ ಹಳೆಯ ಕಾಗದಗಳು, ಅಂದರೆ ಹಕ್ಕು ಬದಲಾವಣೆಯ ಆದೇಶ, ವಾಟ್ನಿ ಪತ್ರ, ಭೂಸ್ವಾಧೀನದ ಕಡತ, ಬಟ್ಟೆಯ ಗಂಟಿನಲ್ಲೇ ಉಳಿದಿದ್ದವು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯು ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳ ಇಂಥ ಕಾಗದಗಳನ್ನು ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೆತ್ತಿಕೊಂಡಿತು. ಹೀಗೆ ಸ್ಕ್ಯಾನ್ ಆದ ಪುಟದ ಚಿತ್ರವನ್ನು ಎಲ್ಲಿಡಬೇಕು? ಡೇಟಾಬೇಸಿನ ಒಳಗೋ ಅಥವಾ ಡಿಸ್ಕಿನ ಮೇಲೆ ಪ್ರತ್ಯೇಕ ಫೈಲಾಗಿಯೋ? ತಂತ್ರಜ್ಞರ ಒಳಮಾತಿನಂತೆ ಕಾಣುವ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿ, ಆಲಮಟ್ಟಿ ಹಿನ್ನೀರಿಗೆ ಜಮೀನು ಕಳೆದುಕೊಂಡ ಕುಟುಂಬವೊಂದಕ್ಕೆ ತನ್ನ ಹಕ್ಕಿನ ಕಾಗದ ಸಿಕ್ಕೀತು ಅಥವಾ ಸಿಗದೆ ಹೋದೀತು.

ಉತಾರದ ಒಂದು ನಮೂದು ಎಂದರೆ ಸರ್ವೆ ನಂಬರು, ವಿಸ್ತೀರ್ಣ, ಹೆಸರು, ಬೆಳೆಗಳ ಕೆಲವೇ ಸಾಲುಗಳು. ಅದು ಕೆಲವು ಕಿಲೋಬೈಟುಗಳಲ್ಲಿ ಮುಗಿಯುತ್ತದೆ. ಚಿತ್ರದ ತೂಕವೇ ಬೇರೆ. ಎ-4 ಅಳತೆಯ ಪುಟವನ್ನು ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಅಪ್ಪಟ ಕಪ್ಪು-ಬಿಳುಪಿನಲ್ಲಿ ಇದನ್ನು ನೂರು ಕಿಲೋಬೈಟಿನೊಳಗೆ ಕುಗ್ಗಿಸಬಹುದು. ಆದರೆ ಹಳದಿಗಟ್ಟಿದ ಕಾಗದ, ಮಾಸಿದ ಶಾಯಿ, ನೀಲಿ ಮೊಹರು ಹಾಗೆ ಮಾಡಿದಾಗ ಅಳಿಸಿಹೋಗುತ್ತವೆ. ಬಣ್ಣದಲ್ಲಿ ಉಳಿಸಿಕೊಂಡರೆ ಪುಟವೊಂದಕ್ಕೆ ಅರ್ಧ ಮೆಗಾಬೈಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು.

ವೇಗದ ದೃಷ್ಟಿಯಿಂದ ಈ ಪ್ರಶ್ನೆಯನ್ನು 2006ರಲ್ಲೇ ಅಳೆದು ನೋಡಲಾಗಿದೆ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಜಿಮ್ ಗ್ರೇ ಮತ್ತು ಸಂಗಡಿಗರ ಪ್ರಬಂಧದ ಪ್ರಕಾರ, ಅವರು ಪರೀಕ್ಷಿಸಿದ ವ್ಯವಸ್ಥೆಯಲ್ಲಿ 256 ಕಿಲೋಬೈಟಿಗಿಂತ ಚಿಕ್ಕ ವಸ್ತುಗಳು ಡೇಟಾಬೇಸಿನಲ್ಲಿ, ಒಂದು ಮೆಗಾಬೈಟಿಗಿಂತ ದೊಡ್ಡವು ಫೈಲಿನಲ್ಲಿ ಇದ್ದರೆ ಮೇಲು. ನಡುವಿನವುಗಳ ವಿಷಯದಲ್ಲಿ, ಅವನ್ನು ಎಷ್ಟು ಬಾರಿ ಅಳಿಸಿ ಮತ್ತೆ ಬರೆಯಲಾಗುತ್ತದೆ ಎಂಬುದು ನಿರ್ಣಾಯಕ. ಹಾಗೆ ಮತ್ತೆ ಮತ್ತೆ ಬರೆದಂತೆಲ್ಲ ಡೇಟಾಬೇಸಿನೊಳಗಿನ ದೊಡ್ಡ ವಸ್ತುಗಳು ತುಂಡುತುಂಡಾಗಿ ಚದುರಿ ಓದು ನಿಧಾನವಾಗುತ್ತದೆ. ಭೂದಾಖಲೆಯ ಚಿತ್ರವನ್ನಾದರೋ ಒಮ್ಮೆ ಬರೆದ ಮೇಲೆ ಯಾರೂ ತಿದ್ದುವಂತಿಲ್ಲ. ಆದ್ದರಿಂದ ಇಲ್ಲಿ ವೇಗಕ್ಕಿಂತ ಎರಡು ಬೇರೆ ಸಂಗತಿಗಳು ಮುಖ್ಯವಾಗುತ್ತವೆ: ನಮೂದು ಮತ್ತು ಚಿತ್ರ ಪರಸ್ಪರ ತಪ್ಪಿಹೋಗದಿರುವುದು, ಅವಘಡದ ನಂತರ ಕಚೇರಿ ಬೇಗ ಚೇತರಿಸಿಕೊಳ್ಳುವುದು.

ಮೊದಲನೆಯದರಲ್ಲಿ ಡೇಟಾಬೇಸಿನದೇ ಮೇಲುಗೈ. ಹಕ್ಕು ಬದಲಾವಣೆಯ ನಮೂದನ್ನೂ ಅದರ ಆದೇಶದ ಚಿತ್ರವನ್ನೂ ಅದು ಒಂದೇ ವ್ಯವಹಾರವಾಗಿ ದಾಖಲಿಸುತ್ತದೆ. ನಡುವೆ ವಿದ್ಯುತ್ ಹೋದರೆ ಎರಡೂ ಇಲ್ಲ. ಪೂರ್ಣಗೊಂಡರೆ ಎರಡೂ ಉಂಟು. ಫೈಲಿನ ವ್ಯವಸ್ಥೆಯಲ್ಲಿ ಈ ಖಾತರಿ ತಾನಾಗಿ ಬರುವುದಿಲ್ಲ. ಮೊದಲು ನಮೂದನ್ನು ಬರೆದು ಆಮೇಲೆ ಚಿತ್ರ ಉಳಿಸುವಾಗ ವಿದ್ಯುತ್ ಹೋಯಿತೆಂದರೆ, ಇಲ್ಲದ ಕಾಗದವನ್ನು ಇದೆಯೆಂದು ಹೇಳುವ ನಮೂದು ಉಳಿಯುತ್ತದೆ. ವರ್ಷಗಳ ನಂತರ ರೈತ ನಕಲು ಕೇಳಿದ ದಿನವೇ ಅದು ಬೆಳಕಿಗೆ ಬರುತ್ತದೆ.

ಇದಕ್ಕೆ ಪರಿಹಾರವಿರುವುದು ಕ್ರಮದಲ್ಲಿ. ಮೊದಲು ಚಿತ್ರವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಅದು ಡಿಸ್ಕಿಗೆ ಇಳಿದದ್ದನ್ನು ಖಚಿತಪಡಿಸಿಕೊಂಡು, ಅಂತಿಮ ಹೆಸರು ಕೊಡಬೇಕು. ಅದರ ಹ್ಯಾಶ್ ಸಂಖ್ಯೆಯನ್ನು, ಅಂದರೆ ಚಿತ್ರದಲ್ಲಿ ಒಂದು ಬಿಟ್ ಬದಲಾದರೂ ಬೇರೆಯಾಗುವ ಸಂಖ್ಯಾರೂಪದ ಬೆರಳಚ್ಚನ್ನು, ಲೆಕ್ಕ ಹಾಕಬೇಕು. ಕೊನೆಯಲ್ಲಷ್ಟೇ ಡೇಟಾಬೇಸಿನಲ್ಲಿ ನಮೂದು ಮಾಡಿ ಹ್ಯಾಶನ್ನು ಅದರೊಳಗೇ ಇಡಬೇಕು. ನಡುವೆ ಅಡ್ಡಿಯಾದರೆ ಉಳಿಯುವುದು ವಾರಸುದಾರನಿಲ್ಲದ ಚಿತ್ರ ಮಾತ್ರ. ಅದು ಜಾಗ ತಿನ್ನುತ್ತದೆಯೇ ಹೊರತು ಯಾರ ಹಕ್ಕನ್ನೂ ಕೆಡಿಸುವುದಿಲ್ಲ. ಬ್ಯಾಕಪ್ ತೆಗೆಯುವಾಗಲೂ ಮೊದಲು ಡೇಟಾಬೇಸು, ನಂತರ ಚಿತ್ರಗಳು. ಆಗ ಪ್ರತಿಯಲ್ಲಿರುವ ಪ್ರತಿ ನಮೂದಿಗೂ ಅದರ ಚಿತ್ರ ಸಿಕ್ಕೇ ಸಿಗುತ್ತದೆ.

ಎರಡನೆಯ ಸಂಗತಿಯಲ್ಲಿ ತಕ್ಕಡಿ ಫೈಲಿನ ಕಡೆಗೆ ವಾಲುತ್ತದೆ. ಒಂದು ತಾಲ್ಲೂಕಿನಲ್ಲಿ ಐದು ಲಕ್ಷ ಪುಟಗಳು ಸ್ಕ್ಯಾನ್ ಆಗಿವೆ ಎಂದು ಉದಾಹರಣೆಗೆ ಭಾವಿಸೋಣ. ಪುಟಕ್ಕೆ ಅರ್ಧ ಮೆಗಾಬೈಟಿನಂತೆ ಅದು 250 ಗಿಗಾಬೈಟು. ನಮೂದುಗಳೆಲ್ಲ ಸೇರಿ ಐದು ಗಿಗಾಬೈಟು ಇದ್ದಾವು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ನಮೂದುಗಳನ್ನು ದೂರದ ಪ್ರತಿಯಿಂದ ತರಲು ಒಂದು ಗಂಟೆಗಿಂತ ತುಸು ಹೆಚ್ಚು ಸಾಕು. ಚಿತ್ರಗಳಿಗೆ ಸುಮಾರು 55 ಗಂಟೆ ಬೇಕು. ಎಲ್ಲವೂ ಡೇಟಾಬೇಸಿನೊಳಗಿದ್ದರೆ, ಡಿಸ್ಕ್ ಕೆಟ್ಟ ಮೇಲೆ ಸಾಮಾನ್ಯವಾಗಿ ಇಡೀ ಮೊತ್ತ ಮರಳುವವರೆಗೆ ಉತಾರದ ಕಿಟಕಿ ಮುಚ್ಚಿರುತ್ತದೆ. ಬದಲಾದ ಭಾಗವನ್ನಷ್ಟೇ ಬ್ಯಾಕಪ್ ಮಾಡುವ ವಿಧಾನಗಳು ರಾತ್ರಿಯ ಹೊರೆಯನ್ನು ಇಳಿಸುತ್ತವೆ, ಮರುಸ್ಥಾಪನೆಯ ಹೊರೆಯನ್ನಲ್ಲ. ಚಿತ್ರಗಳು ಹೊರಗಿದ್ದರೆ ನಮೂದುಗಳನ್ನು ಮೊದಲು ತಂದು ಅದೇ ಬೆಳಿಗ್ಗೆ ಕಿಟಕಿ ತೆರೆಯಬಹುದು. ಚಿತ್ರಗಳು ಹಿಂದಿನಿಂದ ಬರುತ್ತಿರಲಿ.

ಆದರೆ ಫೈಲಿನ ದಾರಿ ಹಿಡಿದವರು ಸುಲಭವಾಗಿ ಬೀಳುವ ಹಳ್ಳವೊಂದಿದೆ. ಮನುಷ್ಯರಿಗೆ ಅರ್ಥವಾಗಲೆಂದು ಫೈಲನ್ನು ಹೀಗೆ ಇಡುತ್ತಾರೆ:

```
Bijapur/Indi/Chadchan/1987/412.tif
```

ಈ ಜಿಲ್ಲೆಯ ಇತ್ತೀಚಿನ ಚರಿತ್ರೆಯೇ ಇದಕ್ಕೆ ಎಚ್ಚರಿಕೆ. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಆ ಬಳಿಕ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಹೊಸ ತಾಲ್ಲೂಕುಗಳಾದವು. ವಿಳಾಸದಲ್ಲಿ ಊರು-ತಾಲ್ಲೂಕುಗಳ ಹೆಸರಿದ್ದರೆ ಇಂಥ ಪ್ರತಿಯೊಂದು ಆದೇಶದೊಂದಿಗೆ ಸಾವಿರಾರು ಫೈಲುಗಳ ಹೆಸರು ಬದಲಾಗಬೇಕು. ಅರ್ಧ ಬದಲಾಗಿ ಅರ್ಧ ಉಳಿದರೆ ಕಾಗದ ಕಳೆದಂತೆಯೇ ಲೆಕ್ಕ. ಫೈಲಿಗೆ ಅರ್ಥವಿಲ್ಲದ, ಎಂದೂ ಬದಲಾಗದ ಗುರುತೇ ಹೆಸರಾಗಬೇಕು. ಆ ಹ್ಯಾಶೇ ಆದರೂ ಸರಿ. ಅದು ಯಾವ ಊರಿನದು, ಈಗ ಯಾವ ತಾಲ್ಲೂಕಿನದು ಎಂಬುದು ಡೇಟಾಬೇಸಿನ ಸಾಲಿನಲ್ಲಿರಲಿ. ಅಲ್ಲಿ ಒಂದು ತಿದ್ದುಪಡಿ ಸಾಕು, ಫೈಲನ್ನು ಕದಲಿಸಬೇಕಿಲ್ಲ.

ಒಟ್ಟಿನಲ್ಲಿ ಉತ್ತರ ಅಳತೆಯನ್ನೂ ಸ್ವಭಾವವನ್ನೂ ಅನುಸರಿಸುತ್ತದೆ. ಹೆಬ್ಬೆರಳ ಗುರುತು, ಭಾವಚಿತ್ರ, ಡಿಜಿಟಲ್ ಸಹಿಯಂಥ ಚಿಕ್ಕ ವಸ್ತುಗಳು ನಮೂದಿನ ಜೊತೆಗೇ ಡೇಟಾಬೇಸಿನಲ್ಲಿರಲಿ. ದಾಖಲೆ ಕೊಠಡಿಯ ಪುಟಗಳು ಹೊರಗೆ ಫೈಲುಗಳಾಗಿರಲಿ. ಆದರೆ ಹಾಗೆ ಹೊರಗಿಡುವವರು ಡೇಟಾಬೇಸು ತಾನಾಗಿ ಮಾಡುತ್ತಿದ್ದ ಕಾವಲನ್ನು ತಾವೇ ಮಾಡಬೇಕಾಗುತ್ತದೆ. ಪ್ರತಿ ರಾತ್ರಿ ನಮೂದುಗಳ ಪಟ್ಟಿಯನ್ನೂ ಫೈಲುಗಳ ಪಟ್ಟಿಯನ್ನೂ ತಾಳೆ ನೋಡಬೇಕು. ಸರದಿಯಂತೆ ಒಂದಿಷ್ಟು ಚಿತ್ರಗಳ ಹ್ಯಾಶನ್ನು ಮತ್ತೆ ಲೆಕ್ಕ ಹಾಕಿ ನಮೂದಿನದರೊಂದಿಗೆ ಹೋಲಿಸಬೇಕು. ಹೊಂದದಿದ್ದರೆ ಡಿಸ್ಕ್ ಕೊಳೆಯುತ್ತಿದೆ, ಇಲ್ಲವೇ ಯಾರೋ ಕಾಗದವನ್ನು ಬದಲಿಸಿದ್ದಾರೆ. ಮೂಲ ಕಾಗದವೂ ಉತ್ತಮ ಬ್ಯಾಕಪ್ ಪ್ರತಿಯೂ ಇನ್ನೂ ಕೈಯಲ್ಲಿರುವಾಗಲೇ ಅದು ತಿಳಿದರೆ ಮಾತ್ರ ಸರಿಪಡಿಸುವುದು ಸಾಧ್ಯ.