ತಪ್ಪು ಲೆಕ್ಕದ ಮುಂದೆ ಮೂರು ಸೆಕೆಂಡು

1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟ ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ತಾವೇ ಸಾರೋಟು ಎಳೆದು ರೈಲು ನಿಲ್ದಾಣಕ್ಕೆ ತಲುಪಿಸಿದ ಪ್ರಸಂಗ ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಬಂದೇ ಬರುತ್ತದೆ. ನಮ್ಮ ತಾಲ್ಲೂಕಿನ ಶಿಕ್ಷಕರ ದಿನಾಚರಣೆಯಲ್ಲಿ ಮಾತಾಡಿದ ಹಿರಿಯ ಗಣಿತ ಮೇಷ್ಟ್ರು ಅದನ್ನು ಒಂದೇ ಮಾತಿನಲ್ಲಿ ಮುಗಿಸಿ ಬೋರ್ಡಿನ ಕಡೆ ತಿರುಗಿದರು. 52ರಲ್ಲಿ 27 ಕಳೆದರೆ 35 ಎಂದು ಬರೆದರು. ಸಭೆಯಲ್ಲಿ ಗುಸುಗುಸು ಎದ್ದಿತು. ಸರಿಯುತ್ತರ 25 ಎಂದು ಎಲ್ಲರಿಗೂ ಗೊತ್ತು. ಆದರೆ ಮಗು 35 ಎಂದು ಯಾಕೆ ಬರೆಯಿತು ಎಂದು ಅವರು ಕೇಳಿದಾಗ ಸಭೆ ಸುಮ್ಮನಾಯಿತು.

ಇದು ಎರಡು, ಮೂರನೇ ತರಗತಿಯಲ್ಲಿ ದಿನವೂ ಕಾಣುವ ತಪ್ಪು. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದು ಎಂದು ಕಂಡ ಮಗು ತಿರುಗಿಸಿ 7ರಿಂದ 2 ಕಳೆದು 5 ಬರೆಯುತ್ತದೆ. ಹತ್ತರ ಸ್ಥಾನದಲ್ಲಿ 5ರಿಂದ 2 ಹೋದರೆ 3. ದೊಡ್ಡದರಲ್ಲಿ ಚಿಕ್ಕದನ್ನು ಕಳೆ ಎಂದು ಹಿಂದಿನ ವರ್ಷ ನಾವೇ ಹೇಳಿಕೊಟ್ಟ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸಿದೆ. ದಶಕ ತೆಗೆದುಕೊಳ್ಳಬೇಕಿಲ್ಲದ ಲೆಕ್ಕಗಳಲ್ಲಿ, ಉದಾಹರಣೆಗೆ 58ರಲ್ಲಿ 23 ಕಳೆಯುವಾಗ, ಈ ನಿಯಮ ಸರಿಯುತ್ತರವನ್ನೇ ಕೊಡುತ್ತದೆ. ಹಾಗಾಗಿ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಂಪು ಶಾಯಿಯ ಅಡ್ಡಗೆರೆ ಎಳೆದರೆ ಮಗುವಿಗೆ ತಪ್ಪಾಯಿತೆಂದು ತಿಳಿಯುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ.

ಕಾರಣ ಇದೇ ಎಂದು ಖಚಿತಪಡಿಸಿಕೊಳ್ಳುವ ದಾರಿಯನ್ನೂ ಮೇಷ್ಟ್ರು ತೋರಿಸಿದರು. ಮಗುವಿಗೆ 61ರಲ್ಲಿ 38 ಕಳೆಯಲು ಕೊಡಿ. 37 ಎಂದು ಬರೆದರೆ ನಮ್ಮ ಊಹೆ ನಿಜ. ಬೇರೇನೋ ಬರೆದರೆ ಗೊಂದಲ ಬೇರೆ ಇದೆ. ಆಗ ‘ಹೇಗೆ ಮಾಡಿದೆ, ಹೇಳು ಪುಟ್ಟ’ ಎಂದು ಕೇಳಿ ಸುಮ್ಮನಿರಬೇಕು. ಅವರು ತಾಳ್ಮೆ ಎಂದದ್ದು ಈ ಸುಮ್ಮನಿರುವುದಕ್ಕೆ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನು ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೆ ಕೂರುವವರು ಕಡಿಮೆಯಾದರು. ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ಕಾಯಬೇಕೆಂಬುದು ರೋ ಅವರ ಕಂಡುಕೊಳ್ಳುವಿಕೆಯ ಇನ್ನೊಂದು ಭಾಗ. ಅರ್ಧ ಹೇಳಿದ ಮಾತಿನ ಉಳಿದರ್ಧ ಬರುವುದು ಆಗಲೇ.

ಇನ್ನು ತಿದ್ದುವ ಕೆಲಸ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿಗಳನ್ನು ಮಗುವಿನ ಮುಂದಿಟ್ಟು ಏಳು ಕಡ್ಡಿ ಕೊಡು ಎನ್ನಬೇಕು. ಇರುವುದು ಎರಡೇ ಬಿಡಿ. ಮಗು ತಡಕಾಡುತ್ತದೆ, ನಮ್ಮ ಮುಖ ನೋಡುತ್ತದೆ, ಕೊನೆಗೆ ಒಂದು ಕಟ್ಟಿನ ರಬ್ಬರು ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಬಿಡಿ ಉಳಿಯುತ್ತದೆ, ಎರಡು ಕಟ್ಟು ಕೊಟ್ಟರೆ ಎರಡು ಕಟ್ಟು. ಆ ರಬ್ಬರನ್ನು ನಾವು ಬಿಚ್ಚಿದರೆ ಪಾಠ ಕೆಟ್ಟಿತು ಎಂದರು ಮೇಷ್ಟ್ರು. ಕಡ್ಡಿಯಲ್ಲಿ ಸರಿಯಾಗಿ ಮಾಡಿದ ಮಗು ಸ್ಲೇಟಿಗೆ ಬಂದೊಡನೆ ಹಳೇ ನಿಯಮಕ್ಕೇ ಜಾರುವುದುಂಟು. ಆದ್ದರಿಂದ ಕಟ್ಟು ಬಿಚ್ಚಿದ ಆ ಕ್ಷಣದಲ್ಲೇ 5ನ್ನು ಹೊಡೆದು 4, ಪಕ್ಕದಲ್ಲಿ 12 ಎಂದು ಬರೆಸಬೇಕು. ಮುಂದೆ 402ರಲ್ಲಿ 156 ಕಳೆಯುವ ಲೆಕ್ಕ ಬಂದಾಗ ಹತ್ತರ ಸ್ಥಾನದ ಸೊನ್ನೆ ಮತ್ತೆ ಎಡವಿಸುತ್ತದೆ. ಅಲ್ಲಿ ಮೊದಲು ನೂರರ ಕಟ್ಟನ್ನು ಬಿಚ್ಚಿ ಹತ್ತು ಕಟ್ಟು ಮಾಡಿಕೊಂಡು, ಅದರಲ್ಲೊಂದನ್ನು ಮತ್ತೆ ಬಿಚ್ಚಬೇಕು.

ತಪ್ಪುತ್ತರದ ಮುಂದೆ ಶಿಕ್ಷಕ ವಿದ್ಯಾರ್ಥಿಯಾಗಿ ಕೂರುವುದೇ ಅವರ ಪ್ರಕಾರ ವಿನಯ. ಮಗುವಿನ ತಲೆಯಲ್ಲಿರುವ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಅದನ್ನು ಮಗುವಿನಿಂದಲೇ ಕಲಿಯಬೇಕು. ಸೇವೆಯಲ್ಲಿ ಪಳಗಿದವರೂ ಹೊಸದಾಗಿ ಕಲಿಯಬಲ್ಲರು ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ಹೆಗ್ಗಡದೇವನಕೋಟೆಯದು. 1995ರ ಸುಮಾರಿಗೆ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ನಲಿ ಕಲಿ ರೂಪುಗೊಂಡದ್ದು ಹಾಗೆ. ಮೇಜಿನ ಹಿಂದಿನ ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂರುವುದನ್ನು ಒಪ್ಪಿಕೊಂಡ ಶಿಕ್ಷಕರಿಲ್ಲದಿದ್ದರೆ ಆ ಕಾರ್ಡುಗಳಿಂದ ಏನೂ ಆಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ತುಂಬಿದ ತರಗತಿಯಲ್ಲಿ ಪ್ರತಿ ಮಗುವಿನ ಬಳಿ ಹೀಗೆ ಕೂರಲಾಗದು ಎಂಬುದನ್ನು ಮೇಷ್ಟ್ರೂ ಒಪ್ಪಿದರು. ಒಂದೇ ಬಗೆಯ ತಪ್ಪು ಮಾಡಿದವರನ್ನು ಒಟ್ಟಿಗೆ ಕೂರಿಸಿದರೆ ಕೆಲಸ ಹಗುರಾಗುತ್ತದೆ ಎಂದರು.

ಮನೆಯಲ್ಲಿ ಮಕ್ಕಳ ಲೆಕ್ಕ ನೋಡುವ ತಂದೆತಾಯಿಯರಿಗೂ ಈ ಮಾತು ಸಲ್ಲುತ್ತದೆ. ಇವತ್ತು ಸಂಜೆ ನೋಟ್‌ಬುಕ್ಕಿನಲ್ಲಿ ತಪ್ಪು ಕಂಡರೆ ಅಳಿಸಲು ಹೇಳಬೇಡಿ. ಹೇಗೆ ಮಾಡಿದೆ ಎಂದು ಕೇಳಿ, ಅದು ಹೇಳಿ ಮುಗಿಸುವ ತನಕ ಕಾಯಿರಿ.